ಫೋಟೋ ಬಂದಿಲ್ಲ, ಪ್ರಶ್ನೆ ಮಾತ್ರ ಬಂದಿದೆ: ‘ಈ ಅಣಬೆ ತಿನ್ನಬಹುದಾ?’

ಆರಿದ್ರಾ ಮಳೆ ಹಿಡಿದು ಒಂದು ವಾರ ಆಯಿತು ಅಂದರೆ ನನ್ನ ಫೋನಿಗೆ ಈ ಪ್ರಶ್ನೆ ಬರೋಕೆ ಶುರುವಾಗುತ್ತದೆ. ಮಲೆನಾಡಿನ ನೆಂಟರು, ಸ್ನೇಹಿತರು, ಅವರ ಪರಿಚಯದವರು ಎಲ್ಲರೂ ಕೇಳುತ್ತಾರೆ. ‘ಇದು ತಿನ್ನಬಹುದಾ ನೋಡಿ’ ಅನ್ನುತ್ತಾರೆ. ನೋಡೋಣ ಅಂದರೆ ಫೋಟೋ ಇರುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ವಾ? ನಾಲ್ಕು ಪದದ ಮೆಸೇಜು ಹೇಗೋ ನುಸುಳಿ ಬರುತ್ತದೆ. ಫೋಟೋ ಕಳಿಸಿದವರ ಫೋನಿನಲ್ಲೇ ಸುತ್ತುತ್ತಾ ಕೂರುತ್ತದೆ. ಅವರು ಮಾತ್ರ ಫೋಟೋ ಹೋಗಿದೆ ಅಂದುಕೊಂಡು ಒಲೆ ಹಚ್ಚಿರುತ್ತಾರೆ.

ಅಂಥ ಹೊತ್ತಿನಲ್ಲಿ ಕೇಳಿದವರು ಏನು ಮಾಡಬೇಕು, ಉತ್ತರ ಕೊಡುವವರು ಏನು ಮಾಡಬೇಕು ಅಂತ ಹಂತ ಹಂತವಾಗಿ ಬರೆಯುತ್ತೇನೆ. ಗಿಡ, ಕಾಯಿ, ಹುಳ ಯಾವುದರ ಬಗ್ಗೆಯೂ ಇಂಥ ಪ್ರಶ್ನೆ ಬರಬಹುದು. ನಾನು ಅಣಬೆಯನ್ನೇ ಹಿಡಿದುಕೊಳ್ಳುತ್ತೇನೆ. ಯಾಕಂದರೆ ಅಣಬೆಯ ವಿಷಯದಲ್ಲಿ ತಪ್ಪಿದರೆ ತಿದ್ದಿಕೊಳ್ಳೋಕೆ ಸಮಯ ಸಿಗದೇ ಹೋಗಬಹುದು.

ಹಂತ 1: ‘ಯಾರಾದರೂ ತಿಂದಿದ್ದೀರಾ?’

ಉತ್ತರ ಕೊಡುವವರು ಮೊದಲು ಕೇಳಬೇಕಾದ್ದು ಇದು. ಅಣಬೆಯ ಬಣ್ಣ, ಆಕಾರ ಎಲ್ಲ ಆಮೇಲೆ. ಎಷ್ಟೋ ಸಲ ‘ತಿನ್ನಬಹುದಾ’ ಅಂತ ಕೇಳುವವರು ಆಗಲೇ ತಿಂದಿರುತ್ತಾರೆ. ಭಯ ಶುರುವಾಗಿರುತ್ತದೆ, ಆದರೆ ಬಾಯಿಬಿಟ್ಟು ಹೇಳೋಕೆ ಸಂಕೋಚ. ನೇರವಾಗಿ ಕೇಳಿದರೆ ಹೇಳುತ್ತಾರೆ.

ತಿಂದಿದ್ದಾರೆ ಅಂತಾದರೆ ಅದು ಯಾವ ಅಣಬೆ ಅಂತ ಹುಡುಕುತ್ತಾ ಕೂರಬೇಡಿ. ಫೋಟೋಗೂ ಕಾಯಬೇಡಿ. ತಿಂದವರು ಚೆನ್ನಾಗಿಯೇ ಇದ್ದರೂ ಆಸ್ಪತ್ರೆಗೆ ಹೊರಡಬೇಕು. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಅದರ ಉಚಿತ ಸಂಖ್ಯೆ 1800 116 117. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಡಾಕ್ಟರೂ ಅಲ್ಲಿಂದ ಸಲಹೆ ಪಡೆಯಬಹುದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು, ಹುಣಸೆಹಣ್ಣಿನ ನೀರು, ಮಜ್ಜಿಗೆ ಕೊಟ್ಟು ಕಾದು ನೋಡೋದು ಬೇಡ. ವಾಂತಿ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಅಪಾಯ. ಅಡುಗೆಯಲ್ಲಿ ಉಳಿದದ್ದು, ತೊಳೆಯದೆ ಬಿಟ್ಟಿರುವ ಅಣಬೆ, ಹಿತ್ತಲಲ್ಲಿ ಎಸೆದ ಬುಡದ ತುಂಡು ಸಿಕ್ಕರೆ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಅಣಬೆ ಬೇಗ ಬೆವತು ಕೊಳೆಯುತ್ತದೆ.

ಆಮೇಲೆ ಎರಡು ಹೊತ್ತನ್ನು ಬರೆದಿಟ್ಟುಕೊಳ್ಳಿ. ತಿಂದದ್ದು ಎಷ್ಟು ಗಂಟೆಗೆ? ಮೊದಲ ವಾಂತಿ ಅಥವಾ ಹೊಟ್ಟೆನೋವು ಎಷ್ಟು ಗಂಟೆಗೆ? ಡಾಕ್ಟರಿಗೆ ಈ ಎರಡರ ನಡುವಿನ ಅಂತರ ತುಂಬಾ ಮುಖ್ಯ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಶುರುವಾಗುವ ಅಣಬೆಗಳು ಹೊಟ್ಟೆಯನ್ನು ಹಿಂಡಿ ಹಾಕುತ್ತವೆ. ಆದರೂ ನೀರಿನ ಅಂಶ ಕಡಿಮೆಯಾಗದಂತೆ ನೋಡಿಕೊಂಡರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆರು ಗಂಟೆ, ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ ಸುಮ್ಮನಿದ್ದು ಆಮೇಲೆ ಕಾಡುವುದು ಬೇರೆ ಜಾತಿ. ಅಮಾನಿಟ ಗುಂಪಿನ ಕೆಲವು ಅಣಬೆಗಳಲ್ಲಿರುವ ವಿಷ ಹೀಗೆ ತಡವಾಗಿ ಏಳುತ್ತದೆ. ಒಂದು ದಿನ ವಾಂತಿ ಭೇದಿ ಆಗುತ್ತದೆ. ಮರುದಿನ ವಾಸಿಯಾದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಒಳಗೆ ಲಿವರ್ ಕೆಡುತ್ತಾ ಇರುತ್ತದೆ. ‘ಈಗ ಆರಾಮಾಗಿದ್ದಾರೆ’ ಅಂತ ಮನೆಗೆ ಕರೆತಂದು, ಮೂರನೇ ನಾಲ್ಕನೇ ದಿನ ಕಾಮಾಲೆ ಕಾಣಿಸಿಕೊಂಡಾಗ ಮತ್ತೆ ಓಡುವಂತಾಗುತ್ತದೆ.

ಬುಟ್ಟಿಯಲ್ಲಿ ಎರಡು ಮೂರು ಜಾತಿಯ ಅಣಬೆ ಬೆರೆತಿದ್ದರೆ ಬೇಗ ವಾಂತಿ ಬಂತು ಅನ್ನುವುದನ್ನೇ ನಂಬಿ ನಿರಾಳ ಆಗೋ ಹಾಗಿಲ್ಲ. ಬೇಗ ಕಾಡಿದ್ದು ಒಂದು, ತಡವಾಗಿ ಕಾಡಲಿರುವುದು ಇನ್ನೊಂದು ಇರಬಹುದು. ಡಾಕ್ಟರಿಗೆ ಇದನ್ನೂ ಹೇಳಿ.

ಹಂತ 2: ‘ಫೋಟೋ ಬಂದಿಲ್ಲ’ ಅಂತ ಸ್ಪಷ್ಟವಾಗಿ ಹೇಳಿ

ಯಾರೂ ತಿಂದಿಲ್ಲ ಅಂತ ಗೊತ್ತಾದ ಮೇಲೆ ಎರಡನೇ ಮಾತು ಇದು. ‘ನಿಮ್ಮ ಫೋಟೋ ನನಗೆ ಬಂದಿಲ್ಲ. ನಾನು ಏನನ್ನೂ ನೋಡಿಲ್ಲ. ಅಡುಗೆ ಮಾಡಬೇಡಿ.’ ಮೂರು ವಾಕ್ಯವನ್ನೂ ಬರೆಯಿರಿ. ಮೊದಲನೆಯದನ್ನು ಮಾತ್ರ ಬರೆದು ಬಿಟ್ಟರೆ ಅವರು ಇನ್ನೊಮ್ಮೆ ಕಳಿಸಲು ಒತ್ತಿ, ಕಾಯದೆ ಮುಂದುವರಿಯುತ್ತಾರೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಪ್ರಶ್ನೆಯ ಜೊತೆಗೇ ಒಂದು ಹೆಸರು ಬರುತ್ತದೆ. ‘ಇದು ಹುತ್ತದ ಅಣಬೆ ಅಲ್ವಾ? ತಿನ್ನಬಹುದಲ್ವಾ?’ ಗ್ರೂಪಿನಲ್ಲಿ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ: ‘ಹುತ್ತದ್ದಾದರೆ ತಿನ್ನಬಹುದು.’ ಆ ಮಾತು ಸುಳ್ಳಲ್ಲ. ಆದರೆ ಹಸಿದು ಕೂತವರ ಕಿವಿಗೆ ‘ಆದರೆ’ ಬೀಳುವುದಿಲ್ಲ, ‘ತಿನ್ನಬಹುದು’ ಮಾತ್ರ ಬೀಳುತ್ತದೆ. ಅದು ಹುತ್ತದ್ದೋ ಅಲ್ಲವೋ ಅನ್ನುವುದೇ ಪ್ರಶ್ನೆ. ಅದನ್ನು ಬಿಟ್ಟು ಉಳಿದದ್ದಕ್ಕೆ ಉತ್ತರ ಕೊಟ್ಟ ಹಾಗಾಯಿತು.

ಹಾಗಾಗಿ ಫೋಟೋ ನೋಡದೆ ‘ಇಂಥದ್ದಾದರೆ ಸರಿ’ ಅನ್ನುವ ಉತ್ತರ ಕೊಡಲೇಬೇಡಿ. ಹೆಬ್ಬೆರಳಿನ ಗುರುತೂ ಬೇಡ. ನೀವು ‘ಮೆಸೇಜ್ ನೋಡಿದೆ’ ಅನ್ನುವ ಅರ್ಥದಲ್ಲಿ ಒತ್ತಿರುತ್ತೀರಿ. ಅವರಿಗೆ ಅದು ‘ತಿನ್ನಿ’ ಅಂತ ಕಾಣುತ್ತದೆ.

ಕೇಳುವವರಿಗೂ ಒಂದು ಮಾತು. ನಿಮ್ಮ ಮನಸ್ಸಿನಲ್ಲಿರುವ ಹೆಸರನ್ನು ಮೊದಲೇ ಹೇಳಬೇಡಿ. ‘ಇದು ಏನು?’ ಅಂತ ಮಾತ್ರ ಕೇಳಿ. ಹೆಸರು ಹೇಳಿದ ಕೂಡಲೇ ಉತ್ತರ ಕೊಡುವವರ ಕಣ್ಣೂ ಅದನ್ನೇ ಹುಡುಕೋಕೆ ಶುರು ಮಾಡುತ್ತದೆ. ನನಗೇ ಹಾಗೆ ಆಗಿದೆ. ಜೊತೆಗೆ, ಮೆಸೇಜಿನ ಪಕ್ಕ ಗಡಿಯಾರದ ಗುರುತು ಇದ್ದರೆ ಅದು ಇನ್ನೂ ನಿಮ್ಮ ಫೋನಿನಿಂದ ಹೊರಟೇ ಇಲ್ಲ. ಒಂದೇ ಟಿಕ್ ಇದ್ದರೆ ಹೊರಟಿದೆ, ಅವರಿಗೆ ತಲುಪಿಲ್ಲ. ಎರಡು ಟಿಕ್ ಇದ್ದರೂ ಅವರು ಫೋಟೋ ಡೌನ್‌ಲೋಡ್ ಮಾಡಿಕೊಂಡಿರದೆ ಮಸುಕಾದ ಚೌಕ ಮಾತ್ರ ನೋಡಿರಬಹುದು. ‘ಫೋಟೋ ಕಂಡಿತಾ? ಏನು ಕಾಣಿಸ್ತಿದೆ ಹೇಳಿ’ ಅಂತ ಕೇಳಿ ಖಚಿತ ಮಾಡಿಕೊಳ್ಳಿ.

ಹಂತ 3: ಕಣ್ಣಿನ ಕೆಲಸವನ್ನು ಮಾತಿನಿಂದ ಮಾಡುವುದು

ಫೋಟೋ ಬರುವುದು ಸಂಜೆ ಆಗಬಹುದು, ನಾಳೆ ಆಗಬಹುದು. ಅಲ್ಲಿಯವರೆಗೆ ಕರೆ ಮಾಡಿ ಮಾತಾಡಬಹುದು. ಆದರೆ ಮಾತಿನಿಂದ ಎಷ್ಟು ಆಗುತ್ತದೆ, ಎಷ್ಟು ಆಗಲ್ಲ ಅನ್ನುವುದು ಇಬ್ಬರಿಗೂ ಗೊತ್ತಿರಬೇಕು. ಮಾತು ಕೇಳಿ ‘ಬೇಡ’ ಅನ್ನಬಹುದು. ಮಾತು ಕೇಳಿ ‘ತಿನ್ನಿ’ ಅನ್ನುವ ಹಾಗಿಲ್ಲ. ಒಂದು ಕೆಟ್ಟ ಲಕ್ಷಣ ಸಿಕ್ಕರೂ ಬೇಡ ಅನ್ನೋಕೆ ಸಾಕು. ಹತ್ತು ಒಳ್ಳೆಯ ಲಕ್ಷಣ ಕೇಳಿದರೂ, ಅವರು ಗಮನಿಸದೆ ಬಿಟ್ಟ ಹನ್ನೊಂದನೆಯದು ಇರಬಹುದು.

‘ನೋಡೋಕೆ ಹೇಗಿದೆ?’ ಅಂತ ಕೇಳಿದರೆ ‘ಬೆಳ್ಳಗೆ, ಕೊಡೆ ಥರ’ ಅನ್ನುತ್ತಾರೆ. ಅದರಿಂದ ಏನೂ ಗೊತ್ತಾಗಲ್ಲ. ತಿನ್ನುವ ಅಣಬೆಯೂ ಬೆಳ್ಳಗೆ ಕೊಡೆ ಥರ, ಕೊಲ್ಲುವ ಅಣಬೆಯೂ ಬೆಳ್ಳಗೆ ಕೊಡೆ ಥರ. ನಾನು ಕೇಳುವ ಕ್ರಮ ಬೇರೆ. ನೆಲದಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತೇನೆ.

ಮೊದಲು ಎಲ್ಲಿ ಎದ್ದಿದೆ ಅಂತ ಕೇಳುತ್ತೇನೆ. ಹುತ್ತದ ಮೇಲಾ, ಬರೀ ನೆಲದಲ್ಲಾ, ಹುಲ್ಲಿನಲ್ಲಾ, ಗೊಬ್ಬರದ ಹತ್ತಿರವಾ, ಕೊಳೆತ ಮರದ ಮೇಲಾ? ನಮ್ಮಲ್ಲಿ ಆಸೆಪಟ್ಟು ಹುಡುಕುವ ಹುತ್ತದ ಅಣಬೆಯನ್ನು ವಿಜ್ಞಾನದಲ್ಲಿ ಟರ್ಮಿಟೊಮೈಸಿಸ್ ಅನ್ನುತ್ತಾರೆ. ತುಳುವಿನವರು ಲಾಂಬು, ಕೊಡಗಿನವರು ಕುಮ್ಮು ಅಂತ ಕರೆದು ಬೇಯಿಸುವ ಅಣಬೆಗಳಲ್ಲೂ ಇದಕ್ಕೆ ಒಳ್ಳೆಯ ಬೆಲೆ. ಗೆದ್ದಲು ನೆಲದೊಳಗಿನ ಗೂಡಿನಲ್ಲಿ ಈ ಶಿಲೀಂಧ್ರವನ್ನು ಸಾಕಿಕೊಳ್ಳುತ್ತದೆ. ಮಳೆ ಬಿದ್ದಾಗ ಅದೇ ಗೂಡಿನಿಂದ ಅಣಬೆ ಮೇಲೆ ಬರುತ್ತದೆ. ಹುತ್ತ ಯಾವಾಗಲೂ ಮೇಲೆ ಕಾಣುವುದಿಲ್ಲ. ಸಮತಟ್ಟಾದ ನೆಲದ ಕೆಳಗೂ ಗೂಡು ಇರಬಹುದು. ಹಾಗಾಗಿ ಜಾಗ ಒಂದೇ ಸಾಕ್ಷಿ ಆಗೋದಿಲ್ಲ. ಹುತ್ತದ ಪಕ್ಕದಲ್ಲಿ ಬೇರೆ ಅಣಬೆ ಏಳಬಾರದು ಅಂತ ಏನೂ ಇಲ್ಲ.

ಎರಡನೆಯದು ಬುಡ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಕಿತ್ತದ್ದು ಹೇಗೆ? ಕತ್ತಿಯಿಂದ ಕೊಯ್ದರಾ, ಕೈಯಲ್ಲಿ ಮುರಿದರಾ, ಬುಡ ಸಮೇತ ಅಗೆದರಾ? ಹುತ್ತದ ಅಣಬೆಗಳಲ್ಲಿ ದೊಡ್ಡವುಗಳ ಕಾಲು ನೆಲದೊಳಗೆ ಬೇರಿನ ಹಾಗೆ ಸಪೂರವಾಗುತ್ತಾ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಒಂದು ಗೇಣು, ಕೆಲವು ಸಲ ಅದಕ್ಕೂ ಆಳ. ಅಮಾನಿಟ ಗುಂಪಿನ ತುಂಬಾ ಅಣಬೆಗಳ ಬುಡ ಗೆಡ್ಡೆಯಂತೆ ಉಬ್ಬಿರುತ್ತದೆ. ಅದರ ಸುತ್ತ ಹರಿದ ಚೀಲವೋ ಬಟ್ಟಲೋ ಇದ್ದ ಹಾಗೆ ಪೊರೆ ಇರುತ್ತದೆ. ಅಣಬೆ ಮೊಟ್ಟೆಯ ಥರ ಪೊರೆಯೊಳಗಿದ್ದು ಅದನ್ನು ಹರಿದುಕೊಂಡು ಎದ್ದದ್ದಕ್ಕೆ ಅದು ಗುರುತು. ಕೊಯ್ದು ತಂದರೆ ಎರಡು ಸಾಕ್ಷಿಯೂ ಮಣ್ಣಿನಲ್ಲೇ ಉಳಿಯುತ್ತವೆ. ತೊಳೆದು ಬುಡ ಕತ್ತರಿಸಿಟ್ಟ ಅಣಬೆಯ ಬಗ್ಗೆ ಯಾರು ಕೇಳಿದರೂ ನನ್ನ ಉತ್ತರ ಅಲ್ಲಿಗೇ ಮುಗಿಯುತ್ತದೆ: ಬೇಡ.

ಮೂರನೆಯದು ಕಾಲಿನ ಮೇಲೆ ಬಳೆ ಇದೆಯಾ ಅನ್ನುವುದು. ಇದ್ದರೆ ಅಂಟಿಕೊಂಡಿದೆಯಾ, ಬೆರಳಿನಲ್ಲಿ ಮೆಲ್ಲಗೆ ತಳ್ಳಿದರೆ ಮೇಲೆ ಕೆಳಗೆ ಜಾರುತ್ತದಾ? ನಾಲ್ಕನೆಯದು ಕೊಡೆಯ ಮೇಲ್ಭಾಗ. ನಡುವೆ ಮೊಳೆಯ ತಲೆಯಂತೆ ಚೂಪಾಗಿದೆಯಾ, ಅಥವಾ ಕಂದು ಬಣ್ಣದ ಹೊಪ್ಪಳೆಗಳು ಚದುರಿವೆಯಾ? ಹುತ್ತದ ಅಣಬೆಗೆ ನಡುವೆ ಚೂಪು ಇರುವುದು ಸಾಮಾನ್ಯ. ಮಣ್ಣನ್ನು ತೂರಿ ಬರಲು ಅದು ಬೇಕಾಗುತ್ತದೆ.

ಐದನೆಯದು ಕೊಡೆಯ ಅಡಿಭಾಗ. ತಿರುಗಿಸಿ ಹಿಡಿದರೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಕಾಣುತ್ತದೆ. ಅದರ ಬಣ್ಣ ಏನು? ಬಲಿತ ಅಣಬೆಯಲ್ಲಿ ನೋಡಬೇಕು. ಎಳೆಯದರಲ್ಲಿ ತುಂಬಾ ಜಾತಿಗಳದ್ದು ಬಿಳಿಯೇ ಇರುತ್ತದೆ.

ಹಳೆಯ ಪರೀಕ್ಷೆಗಳ ಫಲಿತಾಂಶವನ್ನು ನಾನು ಕೇಳುವುದಿಲ್ಲ, ಅವರಾಗಿ ಹೇಳಿದರೂ ಲೆಕ್ಕಕ್ಕೆ ಇಡುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಅರಿಶಿನ ಹಾಕಿದರೆ ಬಣ್ಣ ತಿರುಗಲಿಲ್ಲ, ಹುಳ ತಿಂದ ಗುರುತಿದೆ, ಹಸು ಮೇದಿದೆ. ಅಮಾನಿಟದ ವಿಷ ಇದ್ಯಾವುದರಿಂದಲೂ ತಿಳಿಯುವುದಿಲ್ಲ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ರುಚಿಯಲ್ಲೂ ಗೊತ್ತಾಗುವುದಿಲ್ಲ. ಈ ಪರೀಕ್ಷೆಗಳನ್ನು ನಂಬಿ ಮನೆಮಂದಿಗೆಲ್ಲ ಬಡಿಸುವುದನ್ನು ಕೇಳಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಒಂದು ಸಲ ನಡೆದದ್ದು

ತೀರ್ಥಹಳ್ಳಿ ಹತ್ತಿರದ ಊರಿನಿಂದ ನನ್ನ ಅಣ್ಣನ ಮಗಳು ಬೆಳಿಗ್ಗೆ ಹತ್ತೂವರೆಗೆ ಬರೆದಳು: ‘ಚಿಕ್ಕಪ್ಪ, ಇದು ತಿನ್ನಬಹುದಾ? ಅಮ್ಮ ಹುತ್ತದ್ದು ಅಂತಾರೆ.’ ಫೋಟೋ ಇರಲಿಲ್ಲ. ಕೂಡಲೇ ಫೋನ್ ಮಾಡಿದೆ.

‘ಪುಟ್ಟೀ, ನಿನ್ನ ಫೋಟೋ ಬಂದಿಲ್ಲ. ಯಾರಾದ್ರೂ ತಿಂದ್ರಾ?’

‘ಇಲ್ಲ ಚಿಕ್ಕಪ್ಪ. ಅಮ್ಮ ತೊಳೀತಾ ಇದಾರೆ.’

‘ತೊಳೆಯೋದು ನಿಲ್ಸೋಕೆ ಹೇಳು. ತೊಳೀದೆ ಇರೋದು ಎಷ್ಟಿದೆ?’

ನಾಲ್ಕು ಉಳಿದಿದ್ದವು. ಎಲ್ಲಿ ಸಿಕ್ಕಿತು ಅಂತ ಕೇಳಿದೆ. ತೋಟದ ದಾರಿಯಲ್ಲಿ, ಹಳೇ ಗೊಬ್ಬರಗುಂಡಿ ಪಕ್ಕದ ಹುಲ್ಲಿನಲ್ಲಿ. ಹುತ್ತ ಇದೆಯಾ? ‘ಸ್ವಲ್ಪ ದೂರದಲ್ಲಿ ಒಂದಿದೆ.’ ಬುಡ? ಅತ್ತಿಗೆ ಕೈಯಲ್ಲೇ ಕಿತ್ತಿದ್ದರು, ಸುಲಭವಾಗಿ ಬಂದಿತ್ತು. ಬುಡ ಸ್ವಲ್ಪ ದಪ್ಪಗಿದೆ, ಬೇರಿನಂಥದ್ದು ಏನೂ ಇಲ್ಲ ಅಂದಳು. ನನಗೆ ಅಲ್ಲಿಯೇ ಅನುಮಾನ ಬಂತು. ಅಷ್ಟು ದೊಡ್ಡ ಹುತ್ತದ ಅಣಬೆ ಕಿತ್ತರೆ ಉದ್ದನೆಯ ಬೇರು ಬರಬೇಕು, ಇಲ್ಲವೇ ಅದು ತುಂಡಾದ ಗುರುತಾದರೂ ಇರಬೇಕು.

‘ಕಾಲಿನ ಮೇಲೆ ಬಳೆ ಇದೆಯಾ ನೋಡು.’

‘ಇದೆ. ಅಯ್ಯೋ, ಮುಟ್ಟಿದ್ರೆ ಜಾರ್ತಾ ಇದೆ ಚಿಕ್ಕಪ್ಪ!’

ಕೊಡೆಯ ಮೇಲೆ ಕಂದು ಹೊಪ್ಪಳೆ ಇತ್ತು. ಅದು ನಡುವೆ ಒತ್ತಾಗಿ, ಅಂಚಿಗೆ ಹೋದ ಹಾಗೆ ಚದುರಿತ್ತು. ಅಡಿಯ ಪದರ ಬಿಳಿ ಅಂದಳು. ‘ನಾಲ್ಕರಲ್ಲಿ ಎಲ್ಲಕ್ಕಿಂತ ಹೆಚ್ಚು ಅರಳಿದ್ದು ತಗೊಂಡು ನೋಡು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಇದರಲ್ಲಿ ಒಂಥರಾ ಬೂದಿ ಬಣ್ಣ. ಹಸಿರು ಅನ್ನಬಹುದೇನೋ.’

ಇಷ್ಟು ಸಾಕಾಗಿತ್ತು. ‘ಅಮ್ಮನಿಗೆ ಹೇಳು, ಇದು ಬೇಡ. ತೊಳೆದಿದ್ದನ್ನೂ ತೆಗೆದಿಡಿ, ಕೈ ತೊಳ್ಕೊಳ್ಳಿ’ ಅಂದೆ. ಅತ್ತಿಗೆಗೆ ಸಮಾಧಾನ ಆಗಲಿಲ್ಲ. ಅವರ ತವರಿನಲ್ಲಿ ಚಿಕ್ಕಂದಿನಿಂದ ಅಣಬೆ ಕಿತ್ತು ತಿಂದವರು ಅವರು. ಹಾಗಾಗಿ ಒಂದು ಕೆಲಸ ಮಾಡಿ ಅಂದೆ. ಅದನ್ನೇ ಮುಂದಿನ ಹಂತವಾಗಿ ಬರೆಯುತ್ತೇನೆ.

ಹಂತ 4: ಅಣಬೆಯ ಪುಡಿ ಬೀಳಿಸಿ ನೋಡುವುದು

ಫೋಟೋದಲ್ಲಿ ಸಿಗದ ಒಂದು ಸಾಕ್ಷಿ ಇದರಲ್ಲಿ ಸಿಗುತ್ತದೆ. ಫೋನಿನಲ್ಲಿ ಹೇಳಿ ಮಾಡಿಸಲೂಬಹುದು. ಅಣಬೆಯ ಅಡಿಯ ಪದರಗಳಿಂದ ಬಹಳ ನುಣ್ಣನೆಯ ಪುಡಿ ಉದುರುತ್ತದೆ. ಬೀಜದ ಕೆಲಸ ಮಾಡುವುದು ಅದು. ಅದರ ಬಣ್ಣ ಜಾತಿಯಿಂದ ಜಾತಿಗೆ ಬೇರೆ.

ಚೆನ್ನಾಗಿ ಅರಳಿದ ಒಂದು ಅಣಬೆ ತಗೊಳ್ಳಿ. ಕಾಲನ್ನು ಕೊಡೆಯ ಹತ್ತಿರ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಬರುವ ಹಾಗೆ ಎರಡು ಕಾಗದ ಜೋಡಿಸಿ. ಕೊಡೆಯ ಪದರದ ಭಾಗ ಕೆಳಗೆ ಬರುವಂತೆ ಎರಡೂ ಬಣ್ಣದ ಮೇಲೆ ಇಡಿ. ಬಿಳಿ ಪುಡಿ ಬಿಳಿ ಕಾಗದದ ಮೇಲೆ ಕಾಣಲ್ಲ, ಅದಕ್ಕೇ ಕಪ್ಪು ಬೇಕು. ಕೊಡೆಯ ಮೇಲೆ ಒಂದೇ ಒಂದು ಹನಿ ನೀರು ಹಾಕಿ, ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಮಕ್ಕಳ, ಬೆಕ್ಕು ನಾಯಿಗಳ ಕೈಬಾಯಿಗೆ ಸಿಗದ ಕಡೆ ಇಡಿ. ಬೆಳಿಗ್ಗೆ ಮೆಲ್ಲಗೆ ಎತ್ತಿ, ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ನೋಡಿದರೆ ಬಣ್ಣ ತಪ್ಪಾಗಿ ಕಾಣಬಹುದು.

ಹುತ್ತದ ಅಣಬೆಯದ್ದು ತಿಳಿ ಗುಲಾಬಿ ಕಡೆಗೆ ವಾಲಿದ ಬಣ್ಣ. ಅಮಾನಿಟದ್ದು ಬಿಳಿ. ಮಂಕು ಹಸಿರು ಬಿದ್ದರೆ ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಅನ್ನುವ ವಿಷದ ಅಣಬೆ ಅಂತ ಧೈರ್ಯವಾಗಿ ಹೇಳಬಹುದು. ಹುಲ್ಲುಹಾಸು, ಗೊಬ್ಬರ ಬಿದ್ದ ನೆಲ ಅಂದರೆ ಅದಕ್ಕೆ ಇಷ್ಟ. ಊರಿನ ಹಿತ್ತಲಲ್ಲೂ ಏಳುತ್ತದೆ, ಬೆಂಗಳೂರಿನ ಪಾರ್ಕಿನಲ್ಲೂ ಏಳುತ್ತದೆ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಹಿಡಿದರೆ ಬಿಡದ ಹಾಗೆ ಕಾಡುತ್ತದೆ. ಎಳೆಯದಿದ್ದಾಗ ಅದರ ಪದರ ಬಿಳಿಯಾಗಿಯೇ ಇರುವುದರಿಂದ ಅನುಭವ ಇರುವವರೂ ಮೋಸ ಹೋಗುತ್ತಾರೆ.

ಅತ್ತಿಗೆ ಬಟ್ಟಲು ಎತ್ತಿದಾಗ ಬಿಳಿ ಕಾಗದದ ಮೇಲೆ ಹಸಿರು ಚಕ್ರ ಬಿಡಿಸಿದ ಹಾಗೆ ಬಿದ್ದಿತ್ತು. ಅವರೇ ಫೋನ್ ಮಾಡಿದರು. ‘ಇಷ್ಟು ವರ್ಷ ನೋಡಿದ್ದೀನಿ, ಇದನ್ನು ನೋಡಿರಲಿಲ್ಲ ಕಣಪ್ಪ’ ಅಂದರು.

ಪುಡಿ ಬೀಳದೆಯೂ ಇರಬಹುದು. ಅಣಬೆ ತೀರಾ ಎಳೆಯದು, ತೀರಾ ಹಳೆಯದು, ಮಳೆಯಲ್ಲಿ ನೆಂದು ಹೋದದ್ದು, ಒಣಗಿದ್ದು ಆಗಿದ್ದರೆ ಹಾಗಾಗುತ್ತದೆ. ಬೀಳಲಿಲ್ಲ ಅಂದರೆ ಗೊತ್ತಾಗಲಿಲ್ಲ ಅಂತ ಮಾತ್ರ ಅರ್ಥ. ಹಸಿರು ಬಿದ್ದಿಲ್ಲ ಅಂದ ಮಾತ್ರಕ್ಕೆ ತಿನ್ನಬಹುದು ಅಂತಲೂ ಅಲ್ಲ. ಕೊಲ್ಲುವ ಅಮಾನಿಟದ ಪುಡಿ ಅಚ್ಚ ಬಿಳಿ ಇರುತ್ತದೆ ಅನ್ನುವುದು ನೆನಪಿರಲಿ.

ಹಂತ 5: ಫೋಟೋವನ್ನು ಮತ್ತೆ ಕಳಿಸುವುದು

ನೆಟ್‌ವರ್ಕ್ ಸಿಕ್ಕ ಮೇಲೆ ಅದೇ ಹಳೆಯ ಫೋಟೋವನ್ನು ಮತ್ತೆ ಕಳಿಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಬುಟ್ಟಿಯಲ್ಲಿ ರಾಶಿ ಹಾಕಿದ ಬಿಳಿ ಕೊಡೆಗಳು ಮಾತ್ರ ಇರುತ್ತವೆ. ಐದು ಫೋಟೋ ಬೇಕು. ಕೀಳುವ ಮೊದಲು, ಸುತ್ತಲಿನ ನೆಲ ಕಾಣುವ ಹಾಗೆ ಒಂದು. ಮೇಲಿನಿಂದ ಕೊಡೆ ಒಂದು. ತಿರುಗಿಸಿ, ಪದರ ಮತ್ತು ಬಳೆ ಎರಡೂ ಕಾಣುವಂತೆ ಒಂದು. ಅಗೆದು ತೆಗೆದ ಬುಡ, ಮಣ್ಣನ್ನು ಕೈಯಿಂದ ಮೆಲ್ಲಗೆ ಬಿಡಿಸಿ ಒಂದು. ಕೊನೆಗೆ ಮೇಲಿನಿಂದ ಬುಡದವರೆಗೆ ಉದ್ದಕ್ಕೆ ಸೀಳಿ, ಒಳಗಿನ ಭಾಗ ಕಾಣುವ ಹಾಗೆ ಒಂದು.

ಸೀಳಿದ ಫೋಟೋ ಗುಂಡಗಿರುವ ಅಣಬೆಗಳಿಗೆ ತುಂಬಾ ಮುಖ್ಯ. ಕರಾವಳಿಯಲ್ಲಿ ಕಲ್ಲಣಬೆ ಅಂತ ಗೋಲಿಯಂಥದ್ದನ್ನು ಆರಿಸುತ್ತಾರಲ್ಲ, ಅದರ ಜೊತೆಗೆ ಇನ್ನೂ ಅರಳದ ಅಮಾನಿಟದ ಮೊಟ್ಟೆ ಸೇರಿಬಿಡಬಹುದು. ಸೀಳಿದರೆ ಮೊಟ್ಟೆಯೊಳಗೆ ಪುಟ್ಟ ಕೊಡೆ, ಕಾಲು ಮಡಚಿ ಕೂತ ಆಕಾರ ಕಾಣುತ್ತದೆ. ಕಲ್ಲಣಬೆಯಲ್ಲಿ ಅಂಥ ಆಕಾರ ಇರುವುದಿಲ್ಲ.

ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ತಿಳಿಯುತ್ತದೆ. ನೆರಳಿನ ಹಗಲು ಬೆಳಕು ಒಳ್ಳೆಯದು. ಫ್ಲ್ಯಾಶ್ ಹಾಕಿದರೆ ಬಿಳಿ ಎಲ್ಲ ಒಂದೇ ಬಿಳಿ ಆಗುತ್ತದೆ. ಡಾಟಾ ಸಾಲದಿದ್ದರೆ ಐದನ್ನೂ ಒಟ್ಟಿಗೆ ತಳ್ಳಬೇಡಿ. ಬುಡದ ಫೋಟೋ ಮೊದಲು ಕಳಿಸಿ, ತಲುಪಿತಾ ಅಂತ ಕೇಳಿ, ಆಮೇಲೆ ಉಳಿದದ್ದು.

ಫೋಟೋದ ಜೊತೆ ಬರೆಯಬೇಕಾದ ಮೆಸೇಜು ಹೀಗಿದ್ದರೆ, ಫೋಟೋ ಬಾರದಿದ್ದರೂ ಅರ್ಧ ಕೆಲಸ ಆಗುತ್ತದೆ:

‘ಯಾರೂ ತಿಂದಿಲ್ಲ. ಇವತ್ತು ಬೆಳಿಗ್ಗೆ ತೋಟದ ಅಂಚಿನ ಹುಲ್ಲಿನಲ್ಲಿ ಸಿಕ್ಕಿತು. ಅಗೆದು ತೆಗೆದಿದ್ದೇವೆ. ಬುಡ ಉಬ್ಬಿದೆ, ಬೇರಿಲ್ಲ. ಬಳೆ ಇದೆ. ಅಡಿಯ ಪದರ ಬೂದು. ಐದು ಫೋಟೋ ಕಳಿಸಿದ್ದೇನೆ, ಎಷ್ಟು ಬಂತು ಹೇಳಿ.’

ಕೊನೆಯ ಸಾಲನ್ನು ಮರೆಯಬೇಡಿ. ‘ಎಷ್ಟು ಬಂತು’ ಅಂತ ಕೇಳಿದರೆ ಎದುರಿನವರು ಎಣಿಸಿಯೇ ಉತ್ತರ ಕೊಡಬೇಕಾಗುತ್ತದೆ.

ಮಗುವಿನ ಬಾಯಿಗೆ ಹೋದ ಬೀಜ

ಬೀಜದ ವಿಷಯದಲ್ಲಿ ಕೇಳುವ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ, ಅದಕ್ಕೇ ಇದನ್ನು ಬೇರೆಯಾಗಿ ಹೇಳುತ್ತಿದ್ದೇನೆ. ‘ಮಗು ಕೆಂಪು ಕಪ್ಪು ಬೀಜ ನುಂಗಿದೆ’ ಅಂತ ಫೋಟೋ ಇಲ್ಲದ ಮೆಸೇಜು ಬಂದರೆ ಅದು ಗುಲಗಂಜಿ ಇರಬಹುದು. ಅಲ್ಲಿ ಬೀಜದ ಚಿತ್ರಕ್ಕಿಂತ ‘ಅಗಿದಿದೆಯಾ, ಹಾಗೇ ನುಂಗಿದೆಯಾ? ಬೀಜಕ್ಕೆ ತೂತು ಇತ್ತಾ?’ ಅನ್ನುವುದು ಮುಖ್ಯ. ಗುಲಗಂಜಿಯ ಸಿಪ್ಪೆ ಗಟ್ಟಿ. ಒಡೆಯದೆ ನುಂಗಿದರೆ ಹಾಗೇ ಹೊರಗೆ ಹೋಗುವುದೇ ಹೆಚ್ಚು. ಅಗಿದದ್ದು, ಸರಕ್ಕೆ ಪೋಣಿಸಲು ತೂತು ಮಾಡಿದ್ದು ಬಲು ಅಪಾಯ. ಆದರೆ ಮಗು ಅಗಿಯಿತೋ ಇಲ್ಲವೋ ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು. ಎರಡರಲ್ಲೂ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಹೇಳಲು ಆ ಉತ್ತರ ಬೇಕು, ಅಷ್ಟೇ. ಕಾಡುಹರಳು, ದತ್ತೂರಿಯ ಕಾಯಿಗೂ ಇದೇ ಕ್ರಮ.

ಹಂತ 6: ಫೋಟೋ ಬಂದ ಮೇಲೆ

ಆ ಹಸಿರು ಪುಡಿಯ ಪ್ರಸಂಗ ಆಗಿ ಎರಡು ವಾರಕ್ಕೆ, ಪುನರ್ವಸು ಮಳೆಯಲ್ಲಿ, ಅಣ್ಣನ ಮಗಳು ಮತ್ತೆ ಬರೆದಳು. ಈ ಸಲ ಐದು ಫೋಟೋ. ‘ಎಷ್ಟು ಬಂತು ಹೇಳಿ ಚಿಕ್ಕಪ್ಪ.’ ಐದೂ ಬಂದಿದ್ದವು. ಗುದ್ದಲಿಯಲ್ಲಿ ಅಗೆದು ತೆಗೆದ ಅಣಬೆ, ಅಂಗೈಯಿಂದ ಮೊಣಕೈವರೆಗೆ ಇಳಿದ ಬೇರು, ಬೇರಿನ ತುದಿಯಲ್ಲಿ ಗೆದ್ದಲಿನ ಗೂಡಿನ ಚೂರು. ಕೊಡೆಯ ನಡುವೆ ಚೂಪು. ಬಳೆ ಇಲ್ಲ, ಬುಡದಲ್ಲಿ ಚೀಲ ಇಲ್ಲ. ಹುತ್ತದ ಅಣಬೆಗೆ ಇರಬೇಕಾದ ಲಕ್ಷಣ ಎಲ್ಲ ಇದ್ದವು.

ಆಗಲೂ ನಾನು ‘ತಿನ್ನಿ’ ಅನ್ನಲಿಲ್ಲ. ಐದು ಫೋಟೋದಲ್ಲಿ ಇದ್ದದ್ದು ಒಂದೇ ಅಣಬೆ. ಬುಟ್ಟಿಯಲ್ಲಿ ಇಪ್ಪತ್ತೋ ಮೂವತ್ತೋ ಇದ್ದಿರಬೇಕು. ಅದರಲ್ಲಿ ಪ್ರತಿಯೊಂದನ್ನೂ ಯಾರಾದರೂ ಕೈಯಲ್ಲಿ ಹಿಡಿದು, ತಿರುಗಿಸಿ, ಮೂಸಿ ನೋಡಬೇಕು. ಅದು ದೂರದಲ್ಲಿ ಕೂತವರಿಂದ ಆಗುವ ಕೆಲಸ ಅಲ್ಲ.

‘ಇದರಲ್ಲಿ ತಪ್ಪು ಏನೂ ಕಾಣಿಸ್ತಿಲ್ಲ’ ಅಂತ ಬರೆದೆ. ‘ಆದರೆ ಪೂರ್ತಿ ಬುಟ್ಟಿ ತಗೊಂಡು ಕೆಳಗಿನ ಮನೆ ಅಜ್ಜಿ ಹತ್ರ ಹೋಗಿ. ಅದೇ ಗುಡ್ಡದಲ್ಲಿ ಅವರು ಪ್ರತಿ ವರ್ಷ ಕೀಳ್ತಾರೆ. ಒಂದೊಂದನ್ನೂ ಅವರ ಕೈಗೆ ಕೊಡಿ. ಅವರು ಬೇಡ ಅಂದದ್ದನ್ನು ಬಿಟ್ಟುಬಿಡಿ.’

ಅಜ್ಜಿ ಮೂರನ್ನು ತೆಗೆದು ಬೇಲಿ ಆಚೆ ಎಸೆದರಂತೆ. ಅವು ಯಾವುವು ಅಂತ ಕೇಳಿದ್ದಕ್ಕೆ, ‘ಬುಡ ಇಲ್ದೆ ತಂದಿದೀರಿ, ನನಗೆ ಹೇಗೆ ಗೊತ್ತಾಗ್ಬೇಕು’ ಅಂದರಂತೆ.